@ ಚಿಹ್ನೆಯ ಬಲಬದಿ

ಈ ಸಲದ ವಿಷಯ ನೋಡಲು ತೀರಾ ಸಣ್ಣದು. ಇ-ಮೇಲ್ ವಿಳಾಸದಲ್ಲಿ @ ಚಿಹ್ನೆ ಇರುತ್ತದಲ್ಲ, ಅದರ ಬಲಬದಿಯಲ್ಲಿ ಏನಿರಬೇಕು ಎಂಬುದು. ಊರು ಬಿಟ್ಟು ಬಂದು ಪುಣೆಯಲ್ಲೋ ಮುಂಬೈಯಲ್ಲೋ ಹೈದರಾಬಾದಿನಲ್ಲೋ ಸ್ವಂತ ಉದ್ಯೋಗ ನಡೆಸುತ್ತಿರುವ ನಮ್ಮವರು ಬಹಳ ಮಂದಿ ಇದ್ದಾರೆ. ಕೆಲಸದಲ್ಲಿ ಎತ್ತಿದ ಕೈ, ಲೆಕ್ಕದಲ್ಲಿ ಚೊಕ್ಕ. ಆದರೆ ದೊಡ್ಡ ಕಂಪನಿಯೊಂದಕ್ಕೆ ಕೊಟೇಶನ್ ಕಳಿಸುವ ಹೊತ್ತಿಗೆ ಮೇಲ್ ಹೋಗುವುದು ಮಗನ ಹೆಸರು ಮತ್ತು ಅವನು ಹುಟ್ಟಿದ ಇಸವಿ ಇರುವ ಜಿಮೇಲ್ ವಿಳಾಸದಿಂದ. ಅದರಲ್ಲಿ ತಪ್ಪೇನು ಎಂದು ಕೇಳಿದರೆ ಕಾನೂನಿನ ಪ್ರಕಾರ ತಪ್ಪೇನೂ ಇಲ್ಲ. ತೊಂದರೆ ಇರುವುದು ಆ ಮೇಲ್ ತೆರೆಯುವವನ ಮೇಜಿನ ಮೇಲೆ.

ಹಿಂಜವಡಿಯ ಐಟಿ ಕಂಪನಿಗಳಲ್ಲಿ ಹೊಸ ಸರಬರಾಜುದಾರರನ್ನು ಸೇರಿಸಿಕೊಳ್ಳುವ ಕ್ರಮ ಹೀಗಿರುತ್ತದೆ. ಮೊದಲು ಪರ್ಚೇಸ್ ವಿಭಾಗದವರು ಕೊಟೇಶನ್ ತರಿಸಿಕೊಳ್ಳುತ್ತಾರೆ. ದರ ಒಪ್ಪಿಗೆಯಾದರೆ ವೆಂಡರ್ ಫಾರಂ ಕಳಿಸುತ್ತಾರೆ. ಅದರ ಜೊತೆ ಜಿಎಸ್‌ಟಿ ಪ್ರಮಾಣಪತ್ರ, ಪ್ಯಾನ್, ರದ್ದು ಮಾಡಿದ ಚೆಕ್, ಊಟದ ವ್ಯವಹಾರವಾದರೆ ಎಫ್‌ಎಸ್‌ಎಸ್‌ಎಐ ಲೈಸೆನ್ಸು. ಇವನ್ನೆಲ್ಲ ನೋಡುವವನು ಅಕೌಂಟ್ಸ್ ವಿಭಾಗದ ಒಬ್ಬ ಹುಡುಗ. ಅವನು ನಿಮ್ಮ ಸಾಂಬಾರಿನ ರುಚಿ ನೋಡಿಲ್ಲ, ನಿಮ್ಮ ಮುಖ ನೋಡಿಲ್ಲ. ಅವನ ಕೆಲಸ ಒಂದೇ: ಎಲ್ಲ ಕಾಗದದಲ್ಲೂ ಹೆಸರು ಒಂದೇ ಇದೆಯೇ ಎಂದು ತಾಳೆ ನೋಡುವುದು. ಎಷ್ಟೋ ಕಂಪನಿಗಳಲ್ಲಿ ನಿಮ್ಮ ಖಾತೆಗೆ ಒಂದು ರೂಪಾಯಿ ಹಾಕಿ, ಬ್ಯಾಂಕಿನಿಂದ ಬರುವ ಖಾತೆದಾರನ ಹೆಸರನ್ನೂ ಹೋಲಿಸುತ್ತಾರೆ. ಹೆಸರು ಹೊಂದದಿದ್ದರೆ ಫೈಲು ಪಕ್ಕಕ್ಕೆ ಹೋಗುತ್ತದೆ. ಯಾರೂ ನಿಮಗೆ ಬೈಯುವುದಿಲ್ಲ, ಉತ್ತರವೂ ಬರುವುದಿಲ್ಲ.

ನನ್ನ ಪರಿಚಯದ ಕುಂದಾಪುರದವರೊಬ್ಬರು ಪಿಂಪ್ರಿ-ಚಿಂಚವಡ ಕಡೆ ಕೇಟರಿಂಗ್ ನಡೆಸುತ್ತಾರೆ. ಅವರ ಫೈಲು ಹೀಗೆ ಪಕ್ಕಕ್ಕೆ ಹೋಗಿತ್ತು. ದಾಖಲೆಗಳನ್ನು ಒಂದರ ಪಕ್ಕ ಒಂದು ಇಟ್ಟಾಗ ಕಾರಣ ಕಣ್ಣಿಗೇ ಕಂಡಿತು. ಜಿಎಸ್‌ಟಿಯಲ್ಲಿ ‘ಕೇಟರರ್ಸ್’, ಬ್ಯಾಂಕಿನಲ್ಲಿ ‘ಕೇಟರಿಂಗ್ ಸರ್ವಿಸಸ್’, ಕೊಟೇಶನ್ನಿನ ತಲೆಯಲ್ಲಿ ‘ಹಾಸ್ಪಿಟಾಲಿಟಿ ಗ್ರೂಪ್’, ಎಫ್‌ಎಸ್‌ಎಸ್‌ಎಐ ಲೈಸೆನ್ಸಿನಲ್ಲಿ ಅವರ ಸ್ವಂತ ಹೆಸರು, ಮೇಲ್ ಬಂದದ್ದು ಮಗನ ವಿಳಾಸದಿಂದ. ಒಂದೇ ಅಡುಗೆಮನೆ, ಐದು ಹೆಸರು. ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಅಗತ್ಯಕ್ಕೆ ಮಾಡಿಸಿದ್ದು, ಅಷ್ಟೇ. ಹೊರಗಿನವನಿಗೆ ಮಾತ್ರ ಇವು ಐದು ಬೇರೆ ಜನರಂತೆ ಕಾಣುತ್ತವೆ.

ಆದ್ದರಿಂದ ಬ್ರ್ಯಾಂಡಿಂಗ್ ಎಂದರೆ ಮೊದಲು ಲೋಗೋ ಅಲ್ಲ, ಹೆಸರು. ಜಿಎಸ್‌ಟಿ ಪ್ರಮಾಣಪತ್ರದಲ್ಲಿ ಎರಡು ಸಾಲುಗಳಿರುತ್ತವೆ: ಲೀಗಲ್ ನೇಮ್ ಮತ್ತು ಟ್ರೇಡ್ ನೇಮ್. ಒಬ್ಬರೇ ಮಾಲೀಕರಾಗಿರುವ ವ್ಯವಹಾರದಲ್ಲಿ ಲೀಗಲ್ ನೇಮ್ ಎಂದರೆ ಪ್ಯಾನ್‌ನಲ್ಲಿರುವ ಮಾಲೀಕರ ಹೆಸರು, ಟ್ರೇಡ್ ನೇಮ್ ಎಂದರೆ ಬೋರ್ಡಿನ ಮೇಲಿನ ಹೆಸರು. ಈ ಟ್ರೇಡ್ ನೇಮನ್ನೇ ಗೂಟ ಮಾಡಿಕೊಂಡು ಉಳಿದದ್ದೆಲ್ಲವನ್ನೂ ಅದಕ್ಕೆ ಕಟ್ಟಬೇಕು. ಕರೆಂಟ್ ಅಕೌಂಟು, ಕೊಟೇಶನ್, ಬಿಲ್ಲು, ವಾಟ್ಸ್ಆ್ಯಪ್ ಬಿಸಿನೆಸ್ಸಿನ ಹೆಸರು, ಗೂಗಲ್ ಮ್ಯಾಪಿನ ಹೆಸರು, ಕೊನೆಗೆ ಮೇಲ್ ವಿಳಾಸ, ಎಲ್ಲವೂ ಅಕ್ಷರ ಅಕ್ಷರ ಅದೇ ಆಗಿರಬೇಕು. ನಮ್ಮವರು ಹಾಗೇ ಮಾಡಿದರು. ‘ಗ್ರೂಪ್’ ಎಂಬ ಪದವನ್ನು ಬಿಟ್ಟರು. ಬ್ಯಾಂಕಿನಲ್ಲಿ ಹೆಸರು ಸರಿಮಾಡಿಸಲು ಎರಡು ಮೂರು ಸಲ ಅಲೆದರು. ಲೈಸೆನ್ಸು ಸ್ವಂತ ಹೆಸರಿನಲ್ಲಿದ್ದುದರಿಂದ ಬಿಲ್ಲಿನ ಎರಡನೆಯ ಸಾಲಿನಲ್ಲಿ ‘ಮಾಲೀಕರು: ಇಂಥವರು’ ಎಂದು ಹಾಕಿಸಿದರು. ಆಗ ತಾಳೆ ನೋಡುವವನಿಗೆ ಕೊಂಡಿ ಸಿಗುತ್ತದೆ.

ಇನ್ನು ಡೊಮೇನ್. ಇಲ್ಲಿ ಕನ್ನಡಿಗರಿಗೇ ವಿಶೇಷವಾದ ಒಂದು ತೊಡಕಿದೆ, ಇಂಗ್ಲಿಷ್ ಕಾಗುಣಿತದ್ದು. ಅವರ ಸಂಸ್ಥೆಯ ನಿಜವಾದ ಹೆಸರು ಬೇಡ, ಅನ್ನಪೂರ್ಣ ಎಂದಿಟ್ಟುಕೊಳ್ಳೋಣ. ನಾವು ಹೆಚ್ಚಾಗಿ `Annapoorna` ಎಂದು ಬರೆಯುತ್ತೇವೆ. ಪುಣೆಯ ಮರಾಠಿಯವರ ಬೆರಳಿಗೆ ಬರುವುದು `Annapurna`. ನಮ್ಮ `Swathi` ಅವರಿಗೆ `Swati`, ನಮ್ಮ `Lakshmi` ಅವರಿಗೆ `Laxmi`. ಫೋನಿನಲ್ಲಿ ವಿಳಾಸ ಹೇಳಿದಾಗ ಅವರು ತಮ್ಮ ರೂಢಿಯಂತೆ ಟೈಪ್ ಮಾಡುತ್ತಾರೆ. ಮೇಲ್ ಬೇರೆ ಎಲ್ಲಿಗೋ ಹೋಗುತ್ತದೆ, ಅಥವಾ ವಾಪಸಾಗುತ್ತದೆ. ಡೊಮೇನ್ ಕೊಳ್ಳುವ ಮೊದಲು ಸುಲಭದ ಪರೀಕ್ಷೆಯೊಂದಿದೆ: ಪಕ್ಕದ ಮನೆಯ ಮರಾಠಿ ಗೆಳೆಯರೊಬ್ಬರಿಗೆ ಫೋನ್ ಮಾಡಿ ವಿಳಾಸವನ್ನು ಒಂದೇ ಸಲ ಹೇಳಿ, ಬರೆದು ಕಳಿಸಲು ಕೇಳಿ. ಇಬ್ಬರು ಎರಡು ರೀತಿ ಬರೆದರೆ ಎರಡೂ ಕಾಗುಣಿತದ ಡೊಮೇನ್ ಕೊಂಡು, ಒಂದರಿಂದ ಇನ್ನೊಂದಕ್ಕೆ ಮೇಲ್ ತಿರುಗಿಸಿದರಾಯಿತು. ಹೆಸರಿನ ನಡುವೆ ಅಡ್ಡಗೆರೆ, ಅಂಕಿ ಇವೆಲ್ಲ ಬೇಡ. `.in` ಆದರೂ `.com` ಆದರೂ ನಡೆಯುತ್ತದೆ. ಸಿಕ್ಕಾಪಟ್ಟೆ ಅಗ್ಗವಾಗಿ ಸಿಗುವ ವಿಚಿತ್ರ ಬಾಲದ ಡೊಮೇನ್‌ಗಳಿಂದ ದೂರ ಇರುವುದು ಒಳ್ಳೆಯದು. ಸ್ಪ್ಯಾಮ್ ಕಳಿಸುವವರೂ ಅವನ್ನೇ ಹುಡುಕಿಕೊಂಡು ಹೋಗುತ್ತಾರೆ. ಮೊದಲ ವರ್ಷದ ದರ ನೋಡಿ ಮರುಳಾಗದೆ, ನವೀಕರಣದ ದರ ಎಷ್ಟೆಂದು ನೋಡಿ.

ಡೊಮೇನ್ ಯಾರ ಖಾತೆಯಲ್ಲಿದೆ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ವೆಬ್‌ಸೈಟ್ ಮಾಡಿಕೊಡುವ ಹುಡುಗ ‘ನಾನೇ ತೆಗೆಸಿಕೊಡ್ತೀನಿ ಅಂಕಲ್’ ಎಂದು ತನ್ನ ಖಾತೆಯಲ್ಲೇ ಕೊಳ್ಳುವುದು ತೀರಾ ಸಾಮಾನ್ಯ. ಮೋಸದ ಉದ್ದೇಶ ಇರುವುದಿಲ್ಲ. ಆದರೆ ಎರಡು ವರ್ಷದ ಮೇಲೆ ಅವನು ಕೆಲಸ ಸಿಕ್ಕಿ ಬೇರೆ ಊರಿಗೆ ಹೋದಾಗ, ನವೀಕರಣದ ನೋಟಿಸು ಬರುವುದು ಅವನ ಮೇಲಿಗೆ. ಡೊಮೇನ್ ಕಳೆದುಹೋದರೆ ಹೋಗುವುದು ಬರೀ ಹೆಸರಲ್ಲ. ಅದನ್ನು ಮುಂದೆ ಕೊಂಡವನಿಗೆ ನಿಮ್ಮ ವಿಳಾಸಕ್ಕೆ ಬರುವ ಮೇಲ್‌ಗಳೆಲ್ಲ ಹೋಗುತ್ತವೆ, ಪಾಸ್‌ವರ್ಡ್ ಬದಲಿಸುವ ಕೊಂಡಿಗಳು ಕೂಡ. ಆದ್ದರಿಂದ ರಿಜಿಸ್ಟ್ರಾರ್ ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ಇರಲಿ. ಆ ಖಾತೆಗೆ ಕೊಡುವ ಮೇಲ್ ಮಾತ್ರ ಹೊಸ ಡೊಮೇನಿನದಾಗಿರಬಾರದು, ಹಳೆಯ ಜಿಮೇಲ್ ಆಗಿರಬೇಕು. ಡೊಮೇನ್ ಅವಧಿ ಮುಗಿದರೆ ಅದರ ಮೇಲ್ ಕೂಡ ನಿಲ್ಲುತ್ತದೆ. ಆಗ ‘ನಿಮ್ಮ ಡೊಮೇನ್ ಮುಗಿಯಿತು’ ಎಂಬ ಸುದ್ದಿಯೇ ನಿಮಗೆ ತಲುಪುವುದಿಲ್ಲ. ಬೀಗದೊಳಗೆ ಬೀಗದ ಕೈ ಇಟ್ಟ ಹಾಗೆ.

ಡೊಮೇನ್ ಬಂತು, ತಿಂಗಳಿಗಿಷ್ಟು ಎಂದು ಹಣ ಕಟ್ಟಿ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಒಂದು ಮೇಲ್ ಖಾತೆಯೂ ಆಯಿತು. ಒಬ್ಬರಿಗೆ ಒಂದೇ ಖಾತೆ ಸಾಕು. ಕೊಟೇಶನ್ನಿಗೆ `sales@`, ಬಿಲ್ಲಿಗೆ `accounts@` ಎಂಬ ಅಲಿಯಾಸ್‌ಗಳನ್ನು ಅದೇ ಖಾತೆಗೆ ಬೇರೆ ಹಣ ಕೊಡದೆ ಸೇರಿಸಬಹುದು. ಮುಂದೆ ಬಿಲ್ಲು ನೋಡಲು ಯಾರನ್ನಾದರೂ ಇಟ್ಟುಕೊಂಡರೂ, ಅವರು ಬಿಟ್ಟು ಹೋದರೂ, ಗಿರಾಕಿಯ ಬಳಿ ಇರುವ ವಿಳಾಸ ಬದಲಾಗುವುದಿಲ್ಲ.

ಎಲ್ಲ ಆಯಿತು ಎಂದುಕೊಂಡ ಹದಿನೈದು ದಿನಕ್ಕೆ ನಮ್ಮ ಕೇಟರಿಂಗಿನವರ ಫೋನ್ ಬಂತು. “ಕೊಟೇಶನ್ ಕಳಿಸಿದ್ರೆ ಸಿಕ್ತದೆ ಮಾರಾಯ್ರೇ, ಬಿಲ್ ಕಳಿಸಿದ್ರೆ ಬಂದೇ ಇಲ್ಲ ಅಂತಾರೆ. ಇವರು ದುಡ್ಡು ಕೊಡೂಕೆ ಮನಸ್ಸಿಲ್ದೆ ಹೇಳೂದಾ ಏನು ಕಥೆ?”

ಈ ಸಲ ಗಿರಾಕಿ ಸತ್ಯವನ್ನೇ ಹೇಳುತ್ತಿದ್ದ. ಬಿಲ್ಲುಗಳು ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿದ್ದವು. ಕಾರಣ ತಿಳಿಯಲು ಎಸ್‌ಪಿಎಫ್ ಎಂಬುದನ್ನು ಅರ್ಥ ಮಾಡಿಕೊಳ್ಳಬೇಕು. ನಮ್ಮ ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಕೈಯಲ್ಲಿ ಒಂದು ಪಟ್ಟಿ ಇರುತ್ತದಲ್ಲ, ಯಾವ ಫ್ಲ್ಯಾಟಿನ ಹೆಸರು ಹೇಳಿಕೊಂಡು ಯಾರು ಬರಬಹುದು ಎಂದು? ಎಸ್‌ಪಿಎಫ್ ಅಂಥದೇ ಪಟ್ಟಿ. ‘ನನ್ನ ಡೊಮೇನಿನ ಹೆಸರಿನಲ್ಲಿ ಇಂತಿಂಥ ಸರ್ವರ್‌ಗಳು ಮಾತ್ರ ಮೇಲ್ ಕಳಿಸಬಹುದು’ ಎಂದು ನೀವು ಡೊಮೇನಿನ ಡಿಎನ್‌ಎಸ್‌ನಲ್ಲಿ ಬರೆದಿಡುತ್ತೀರಿ. ಮೇಲ್ ಬಂದಾಗ ಆಚೆಯ ಸರ್ವರ್ ಅದನ್ನು ಓದಿ ನೋಡುತ್ತದೆ. ಕೊಟೇಶನ್ ಹೋಗುತ್ತಿದ್ದುದು ಗೂಗಲ್‌ನಿಂದ, ಪಟ್ಟಿಯಲ್ಲಿ ಗೂಗಲ್ ಇತ್ತು. ಬಿಲ್ಲು ಹೋಗುತ್ತಿದ್ದುದು ಬಿಲ್ಲಿಂಗ್ ಸಾಫ್ಟ್‌ವೇರಿನ ಸರ್ವರ್‌ನಿಂದ, ಇವರ ವಿಳಾಸವನ್ನೇ ಹಾಕಿಕೊಂಡು. ಅದರ ಹೆಸರು ಪಟ್ಟಿಯಲ್ಲಿರಲಿಲ್ಲ.

ಇದನ್ನು ಸರಿಮಾಡಲು ಅವರ ಮಗ ತಾನಾಗಿಯೇ ಒಂದು ಪ್ರಯತ್ನ ಮಾಡಿದ್ದ. ಸಾಫ್ಟ್‌ವೇರಿನವರು ಕೊಟ್ಟ ಸಾಲನ್ನು ಹೊಸದೊಂದು ದಾಖಲೆಯಾಗಿ ಡಿಎನ್‌ಎಸ್‌ಗೆ ಸೇರಿಸಿದ್ದ. ಡಿಎನ್‌ಎಸ್ ಒಪ್ಪಿಕೊಂಡಿತು, ಹಸಿರು ಟಿಕ್ ಕೂಡ ಬಂತು. ಆದರೆ ಒಂದು ಡೊಮೇನಿಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕೆಂಬುದು ನಿಯಮ. ಎರಡು ಕಂಡರೆ ಆಚೆಯ ಸರ್ವರ್ ಎರಡನ್ನೂ ನಂಬುವುದಿಲ್ಲ. ವಾಚ್‌ಮನ್ ಕೈಯಲ್ಲಿ ಎರಡು ಬೇರೆ ಪಟ್ಟಿ ಇದ್ದರೆ ಅವನು ಯಾರನ್ನೂ ಒಳಗೆ ಬಿಡದ ಹಾಗೆ. ಅಲ್ಲಿಂದ ಕೊಟೇಶನ್‌ಗಳೂ ಕಳೆದುಹೋಗತೊಡಗಿದವು. ಸರಿಯಾದ ಪರಿಹಾರ, ಎರಡನ್ನೂ ಒಂದೇ ಸಾಲಿಗೆ ತರುವುದು. ಸಾಫ್ಟ್‌ವೇರಿನ ಹೆಸರಿನ ಬದಲು ಇಲ್ಲಿ ಮಾದರಿಯ ಹೆಸರು ಹಾಕಿದ್ದೇನೆ:

```
v=spf1 include:_spf.google.com include:spf.billing.example ~all
```

ಹೀಗೆ ಸೇರಿಸುತ್ತಾ ಹೋಗುವುದಕ್ಕೂ ಮಿತಿಯಿದೆ. ಈ ಸಾಲನ್ನು ಬಿಡಿಸಿ ಓದಲು ಹತ್ತಕ್ಕಿಂತ ಹೆಚ್ಚು ಸಲ ಡಿಎನ್‌ಎಸ್ ಹುಡುಕಬೇಕಾಗಿ ಬಂದರೆ ಅದೂ ತಪ್ಪೆಂದೇ ಲೆಕ್ಕ. ಒಂದೊಂದು `include` ಒಳಗೆ ಇನ್ನಷ್ಟು ಅಡಗಿರುತ್ತವೆ. ಬಿಟ್ಟುಹೋದ ಸೇವೆಗಳನ್ನು ಆಗಾಗ ತೆಗೆದುಹಾಕಿ.

ಪಟ್ಟಿಯ ಜೊತೆಗೆ ಮುದ್ರೆಯೂ ಬೇಕು. ಅದು ಡಿಕಿಮ್. ಹಿಂದೆ ಲಕೋಟೆಗೆ ಅರಗಿನ ಮುದ್ರೆ ಒತ್ತುತ್ತಿದ್ದರಲ್ಲ, ಹಾಗೆ ಪ್ರತಿ ಮೇಲಿಗೂ ಡೊಮೇನಿನ ಡಿಜಿಟಲ್ ಮುದ್ರೆ ಬೀಳುತ್ತದೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ನಿಮ್ಮ ಡೊಮೇನಿನ ಹೆಸರಿನ ಮುದ್ರೆ ತಾನಾಗಿ ಬೀಳುವುದಿಲ್ಲ. ಅಡ್ಮಿನ್ ಪುಟದಲ್ಲಿ ಕೀ ತಯಾರಿಸಿ, ಅದನ್ನು `google._domainkey` ಎಂಬ ಹೆಸರಿನಲ್ಲಿ ಡಿಎನ್‌ಎಸ್‌ಗೆ ಹಾಕಿ, ಆಮೇಲೆ ಮತ್ತೆ ಅಡ್ಮಿನ್ ಪುಟಕ್ಕೆ ಬಂದು ಚಾಲೂ ಮಾಡಬೇಕು. ಈ ಕೊನೆಯ ಹೆಜ್ಜೆಯನ್ನು ಬಹಳ ಜನ ಮರೆಯುತ್ತಾರೆ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲೂ ಇದೇ ಸೌಲಭ್ಯ ಇದೆಯೇ ಎಂದು ನೋಡಿ, ಅದನ್ನೂ ಬೇರೆಯಾಗಿ ಚಾಲೂ ಮಾಡಬೇಕು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಕಳಿಸುವವರು ಎಷ್ಟೇ ಚಿಕ್ಕವರಾದರೂ ಎಸ್‌ಪಿಎಫ್ ಅಥವಾ ಡಿಕಿಮ್, ಎರಡರಲ್ಲಿ ಒಂದಾದರೂ ಇರಲೇಬೇಕು. ಅಂದರೆ ಸ್ವಂತ ಡೊಮೇನ್ ಕೊಂಡು ಇವನ್ನು ಮಾಡದೆ ಬಿಟ್ಟರೆ, ಹಳೆಯ ಜಿಮೇಲ್ ವಿಳಾಸವೇ ವಾಸಿ. ಅದಾದರೂ ತಲುಪುತ್ತಿತ್ತು.

ಮೂರನೆಯದು ಡಿಮಾರ್ಕ್. ಪಟ್ಟಿಯೂ ಮುದ್ರೆಯೂ ಹೊಂದದ ಮೇಲ್ ನಿಮ್ಮ ಹೆಸರಿನಲ್ಲಿ ಬಂದರೆ ಏನು ಮಾಡಬೇಕು ಎಂದು ಆಚೆಯವರಿಗೆ ನೀವು ಹೇಳುವ ಮಾತು ಇದು. `_dmarc` ಎಂಬ ಹೆಸರಿನಲ್ಲಿ ಒಂದು ಸಾಲು:

```
v=DMARC1; p=none; rua=mailto:accounts@example.com
```

`p=none` ಎಂದರೆ ‘ಏನೂ ಮಾಡಬೇಡಿ, ವರದಿ ಮಾತ್ರ ಕಳಿಸಿ’ ಎಂದರ್ಥ. ಕೆಲವು ವಾರ ವರದಿ ನೋಡಿ, ನಿಮ್ಮ ಮೇಲ್‌ಗಳೆಲ್ಲ ಸರಿಯಾಗಿ ಹೋಗುತ್ತಿವೆ ಎಂದು ಖಾತ್ರಿಯಾದ ಮೇಲೆ ಅದನ್ನು `quarantine`, ಆಮೇಲೆ `reject` ಮಾಡಬೇಕು. ಮೊದಲ ದಿನವೇ `reject` ಹಾಕಿದರೆ ನಿಮ್ಮ ಬಿಲ್ಲಿಗೆ ನೀವೇ ಬಾಗಿಲು ಹಾಕಿಕೊಂಡಂತೆ ಆಗಬಹುದು. ಇದರ ಮಿತಿಯನ್ನೂ ತಿಳಿದಿರಿ. ನಿಮ್ಮದೇ ಡೊಮೇನಿನ ಹೆಸರಿನಲ್ಲಿ ಬರುವ ಕಳ್ಳ ಮೇಲನ್ನು ಇದು ತಡೆಯುತ್ತದೆ. ಒಂದಕ್ಷರ ವ್ಯತ್ಯಾಸದ ಬೇರೆ ಡೊಮೇನ್ ಕೊಂಡು ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇಲ್ಲಿಗೆ ಹಣ ಹಾಕಿ’ ಎಂದು ನಿಮ್ಮ ಗಿರಾಕಿಗೆ ಬರೆಯುವವನನ್ನು ತಡೆಯುವುದಿಲ್ಲ. ಅದಕ್ಕೆ ಮದ್ದು ಬಿಲ್ಲಿನ ಕೆಳಗೆ ಒಂದು ಸಾಲು: ಖಾತೆ ಬದಲಾವಣೆಯನ್ನು ನಾವು ಮೇಲ್‌ನಲ್ಲಿ ಮಾತ್ರ ತಿಳಿಸುವುದಿಲ್ಲ, ಈ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಈಗ ಮೇಲ್‌ನ ಕೊನೆಯ ಸಾಲುಗಳಿಗೆ, ಅಂದರೆ ಸಿಗ್ನೇಚರ್‌ಗೆ ಬರೋಣ. ಆ ಜಾಗದ ಬೆಲೆಯನ್ನು ಜಗತ್ತಿಗೆ ತೋರಿಸಿದ ಕಂಪನಿಯೊಂದಕ್ಕೆ ಪುಣೆಯ ನಂಟೂ ಇದೆ, ಬೆಂಗಳೂರಿನ ನಂಟೂ ಇದೆ. ಪುಣೆಯ ಬಿಷಪ್ಸ್ ಶಾಲೆಯಲ್ಲಿ, ಆಮೇಲೆ ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ ಓದಿದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. ಪ್ರತಿ ಮೇಲ್‌ನ ತಳದಲ್ಲಿ, ಇಂಥ ಉಚಿತ ಮೇಲ್ ನಿಮಗೂ ಸಿಗುತ್ತದೆ ಎಂಬ ಒಂದು ಸಣ್ಣ ಸಾಲು ತಾನಾಗಿಯೇ ಸೇರುತ್ತಿತ್ತು. ಜನ ಬರೆದ ಪ್ರತಿ ಪತ್ರವೂ ಜಾಹೀರಾತಾಯಿತು. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಅದು ಒಂದೇ ಸಾಲು, ಬರೀ ಅಕ್ಷರ. ಚಿತ್ರವಿಲ್ಲ, ಬಣ್ಣವಿಲ್ಲ.

ನಮ್ಮ ಕೇಟರಿಂಗಿನವರ ಸಿಗ್ನೇಚರ್ ಇದಕ್ಕೆ ತದ್ವಿರುದ್ಧವಾಗಿತ್ತು. ವಿಸಿಟಿಂಗ್ ಕಾರ್ಡಿನ ಫೋಟೋ, ಕೆಳಗೆ ಗಣಪತಿ, ಅದರ ಕೆಳಗೆ ಒಂದು ಸುಭಾಷಿತ. ಕಂಪನಿಗಳ ಔಟ್‌ಲುಕ್‌ನಲ್ಲಿ ಹೊರಗಿನಿಂದ ಬಂದ ಚಿತ್ರಗಳು ಎಷ್ಟೋ ಸಲ ತೆರೆದುಕೊಳ್ಳುವುದೇ ಇಲ್ಲ, ಖಾಲಿ ಚೌಕ ಕಾಣುತ್ತದೆ. ಇಲ್ಲವೇ ಅಟ್ಯಾಚ್‌ಮೆಂಟ್ ಆಗಿ ಕೂತು, ಬಿಲ್ಲು ಯಾವುದು ಗಣಪತಿ ಯಾವುದು ಎಂದು ಹುಡುಕುವಂತಾಗುತ್ತದೆ. ಚಿತ್ರದೊಳಗಿನ ಫೋನ್ ನಂಬರನ್ನು ಒತ್ತಿದರೆ ಫೋನ್ ಹೋಗುವುದಿಲ್ಲ, ಹೆಸರು ಹುಡುಕಿದರೆ ಮೇಲ್ ಸಿಗುವುದಿಲ್ಲ. ಹೊಸ ಸಿಗ್ನೇಚರ್ ಐದು ಸಾಲಿನದು, ಪೂರ್ತಿ ಅಕ್ಷರದಲ್ಲೇ: ಅವರ ಹೆಸರು ಮತ್ತು ‘ಮಾಲೀಕರು’ ಎಂಬುದು, ಸಂಸ್ಥೆಯ ಟ್ರೇಡ್ ನೇಮ್, ಒಂದೇ ಒಂದು ಫೋನ್ ನಂಬರು, ಅಡುಗೆಮನೆ ಇರುವ ಬಡಾವಣೆ ಮತ್ತು ಪಿನ್‌ಕೋಡ್, ಕೊನೆಗೆ ಜಿಎಸ್‌ಟಿ ಮತ್ತು ಎಫ್‌ಎಸ್‌ಎಸ್‌ಎಐ ಸಂಖ್ಯೆ. ಲೋಗೋ ಬೇಕೇ ಬೇಕೆಂದರೆ ಕೊಟೇಶನ್ನಿನ ಪಿಡಿಎಫ್‌ನಲ್ಲಿ ಇರಲಿ. ಬಿಲ್ಲಿನಲ್ಲೂ ಅದೇ ಲೋಗೋ, ಅದೇ ಬಣ್ಣ. ನೀವು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ, 2013ರ ಕಂಪನಿ ಕಾಯ್ದೆಯ 12ನೇ ಕಲಮಿನಂತೆ ವ್ಯವಹಾರದ ಪತ್ರ ಮತ್ತು ಬಿಲ್ಲುಗಳ ಮೇಲೆ ಕಂಪನಿಯ ಹೆಸರು, ನೋಂದಾಯಿತ ವಿಳಾಸ, ಸಿಐಎನ್ ಸಂಖ್ಯೆ, ಫೋನ್ ಇವು ಇರಬೇಕು. ಹಾಗಾಗಿ ಮೇಲ್‌ನ ತಳದಲ್ಲೂ ಅವನ್ನು ಹಾಕಿಬಿಡುವುದು ಕ್ಷೇಮ.

ಜಿಎಸ್‌ಟಿ ಸಂಖ್ಯೆ ಬರೆಯುವಾಗ ಒಂದು ಮಾತು ನೆನಪಿರಲಿ: ಅದು ಬರೀ ಸಂಖ್ಯೆಯಲ್ಲ, ನಿಮ್ಮ ಜಾತಕ. ಮೊದಲ ಎರಡು ಅಂಕಿ ರಾಜ್ಯ, ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29. ಅಲ್ಲಿಂದ ಮುಂದಿನ ಹತ್ತು ಅಕ್ಷರ ನಿಮ್ಮ ಪ್ಯಾನ್. ಪ್ಯಾನ್‌ನ ನಾಲ್ಕನೆಯ ಅಕ್ಷರ, ಅಂದರೆ ಜಿಎಸ್‌ಟಿ ಸಂಖ್ಯೆಯಲ್ಲಿ ಆರನೆಯದು, ನೀವು ಯಾರೆಂದು ಹೇಳುತ್ತದೆ. `P` ಇದ್ದರೆ ವ್ಯಕ್ತಿ, `F` ಇದ್ದರೆ ಪಾಲುದಾರಿಕೆ, `C` ಇದ್ದರೆ ಕಂಪನಿ. ಮೇಲೆ ‘ಗ್ರೂಪ್ ಆಫ್ ಕಂಪನೀಸ್’ ಎಂದು ಬರೆದು ಕೆಳಗೆ ಆರನೆಯ ಅಕ್ಷರ `P` ಇದ್ದರೆ, ಅಕೌಂಟ್ಸಿನ ಹುಡುಗ ಅರೆ ನಿಮಿಷದಲ್ಲಿ ನಗುತ್ತಾನೆ. ಒಬ್ಬರೇ ನಡೆಸುವ ವ್ಯವಹಾರ ಎಂದು ತಿಳಿದ ಮಾತ್ರಕ್ಕೆ ಯಾರೂ ಫೈಲು ವಾಪಸು ಕಳಿಸುವುದಿಲ್ಲ. ಹೇಳಿದ್ದಕ್ಕೂ ಬರೆದದ್ದಕ್ಕೂ ಹೊಂದದಿದ್ದರೆ ಕಳಿಸುತ್ತಾರೆ.

ನಮ್ಮವರಿಗೆ ವೆಂಡರ್ ಕೋಡ್ ಬಂತು. ಆರ್ಡರ್ ಸಿಕ್ಕಿದ್ದು ಡೊಮೇನ್‌ನಿಂದಲ್ಲ, ರುಚಿ ನೋಡಲು ಕರೆದ ದಿನ ಮಾಡಿದ ಗೋಳಿಬಜೆಯಿಂದ. ಆದರೆ ರುಚಿ ನೋಡಲು ಕರೆಯುವ ಹಂತದವರೆಗೆ ಹೋಗಬೇಕಿತ್ತಲ್ಲ. ಹಳೆಯ ಜಿಮೇಲನ್ನು ಅವರು ಮುಚ್ಚಿಲ್ಲ. ಅಲ್ಲಿಗೆ ಬರುವುದೆಲ್ಲ ಹೊಸ ವಿಳಾಸಕ್ಕೆ ತಿರುಗಿ ಬರುತ್ತದೆ, ಉತ್ತರ ಮಾತ್ರ ಹೊಸದರಿಂದಲೇ ಹೋಗುತ್ತದೆ.

ನಿಮ್ಮಲ್ಲಿ ಈಗಾಗಲೇ ಸ್ವಂತ ಡೊಮೇನ್ ಇರುವವರು ಇವತ್ತು ರಾತ್ರಿ ಹೀಗೆ ಮಾಡಿ. ಕೊಟೇಶನ್ ಕಳಿಸುವ ಖಾತೆಯಿಂದ ಒಂದು, ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ಒಂದು ಮೇಲನ್ನು ಮನೆಯವರ ಜಿಮೇಲಿಗೆ ಕಳಿಸಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂಲೆಯ ಮೂರು ಚುಕ್ಕಿ ಒತ್ತಿ `Show original` ಆರಿಸಿ. ಮೇಲ್ಗಡೆ SPF, DKIM, DMARC ಎಂಬ ಮೂರು ಸಾಲುಗಳಿರುತ್ತವೆ. ಎರಡೂ ಮೇಲ್‌ಗಳಲ್ಲಿ ಮೂರರ ಮುಂದೂ `PASS` ಇರಬೇಕು, DKIM ಸಾಲಿನಲ್ಲಿ ನಿಮ್ಮದೇ ಡೊಮೇನಿನ ಹೆಸರಿರಬೇಕು. ಬೇರೆಯವರ ಹೆಸರಿದ್ದರೆ ಮುದ್ರೆ ಇನ್ನೂ ಅವರದೇ ಎಂದರ್ಥ, ಅಡ್ಮಿನ್ ಪುಟಕ್ಕೆ ಹೋಗಿ ಆ ಕೊನೆಯ ಹೆಜ್ಜೆ ಮುಗಿಸಿ ಬನ್ನಿ.